ಮಡಚಿಕೊಳ್ಳದ ಪ್ರೋಟೀನನ್ನು ಇಆರ್ ಗುರುತು ಹಿಡಿಯುವುದು ಹೇಗೆ?

ಪ್ರಶ್ನೆ: ನಾನು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಓದ್ತಿದ್ದೇನೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ, ಅಂದ್ರೆ ಇಆರ್‌ನಲ್ಲಿ, ಪ್ರೋಟೀನ್‌ಗೆ ಮೂರು ಗ್ಲೂಕೋಸ್ ಇರೋ ಸಕ್ಕರೆ ಗೊಂಚಲು ಅಂಟುತ್ತೆ, ಕೂಡಲೇ ಆ ಗ್ಲೂಕೋಸ್‌ಗಳನ್ನ ಕಿತ್ತುಹಾಕ್ತಾರೆ, ಆಮೇಲೆ ಮತ್ತೆ ಒಂದನ್ನ ಹಾಕ್ತಾರೆ ಅಂತ ಪಾಠದಲ್ಲಿದೆ. ಸುಮ್ನೆ ವ್ಯರ್ಥ ಕೆಲಸ ಅನಿಸುತ್ತೆ. ಪ್ರೋಟೀನ್ ಸರಿಯಾಗಿ ಮಡಚಿಕೊಂಡಿಲ್ಲ ಅಂತ ಗೊತ್ತಾಗೋದು ಯಾವುದಕ್ಕೆ, ಹೇಗೆ? ಮಡಚಿಕೊಳ್ಳದೇ ಹೋದರೆ ಎಷ್ಟು ಹೊತ್ತು ಹೀಗೇ ಸುತ್ತುತ್ತೆ? ಲ್ಯಾಬ್‌ನಲ್ಲಿ ಇದನ್ನ ಕಣ್ಣಾರೆ ನೋಡೋಕೆ ಆಗುತ್ತಾ?

ಉತ್ತರ: ವ್ಯರ್ಥ ಅಲ್ಲ. ಆ ಕೊನೆಯ ಒಂದು ಗ್ಲೂಕೋಸ್ ಒಂದು ಚೀಟಿ ಇದ್ದಂತೆ. "ಇದಿನ್ನೂ ಸಿದ್ಧವಾಗಿಲ್ಲ, ಹೊರಗೆ ಬಿಡಬೇಡಿ" ಎಂದು ಪ್ರೋಟೀನಿನ ಮೇಲೆಯೇ ಬರೆದಿಟ್ಟ ಚೀಟಿ. ಚೀಟಿ ಹರಿಯುವ ಕಿಣ್ವ ಬೇರೆ, ಓದುವ ಪ್ರೋಟೀನು ಬೇರೆ, ಮತ್ತೆ ಬರೆಯುವ ಕಿಣ್ವ ಬೇರೆ. ಈ ಗ್ಲೂಕೋಸ್ ಸುತ್ತಿನಲ್ಲಿ ಪ್ರೋಟೀನಿನ ಆಕಾರವನ್ನು ನಿಜವಾಗಿ ಪರೀಕ್ಷಿಸುವುದು ಮತ್ತೆ ಬರೆಯುವ ಕಿಣ್ವ ಒಂದೇ. ಉಳಿದವೆಲ್ಲ ಸಕ್ಕರೆಯನ್ನು ಮಾತ್ರ ನೋಡುತ್ತವೆ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ನಿಮ್ಮ ಮೂರೂ ಪ್ರಶ್ನೆಗಳು ಒಂದೇ ದಾರದಲ್ಲಿ ಬಿಡಿಸಿಕೊಳ್ಳುತ್ತವೆ.

ಮೊದಲು ಗೊಂಚಲನ್ನು ನೋಡೋಣ. ಅದರಲ್ಲಿ 14 ಸಕ್ಕರೆಗಳಿವೆ. ಬುಡದಲ್ಲಿ ಎರಡು ಎನ್-ಅಸಿಟೈಲ್ ಗ್ಲೂಕೋಸಮೀನ್, ಅದರ ಮೇಲೆ ಒಂಬತ್ತು ಮ್ಯಾನೋಸ್, ತುದಿಯಲ್ಲಿ ಮೂರು ಗ್ಲೂಕೋಸ್. ಪುಸ್ತಕಗಳಲ್ಲಿ ಇದನ್ನು Glc3Man9GlcNAc2 ಎಂದು ಬರೆಯುತ್ತಾರೆ. ಮ್ಯಾನೋಸ್‌ಗಳು ಮೂರು ಕವಲುಗಳಾಗಿ ಹರಡಿರುತ್ತವೆ. ಅವುಗಳಿಗೆ ಎ, ಬಿ, ಸಿ ಎಂದು ಹೆಸರು. ಮೂರು ಗ್ಲೂಕೋಸ್‌ಗಳೂ ಎ ಕವಲಿನ ತುದಿಯಲ್ಲಿ ಸಾಲಾಗಿ ಕೂತಿರುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈ ಇಡೀ ಗೊಂಚಲು ಪ್ರೋಟೀನಿನ ಮೇಲೆ ಒಂದೊಂದಾಗಿ ಕಟ್ಟಿಕೊಳ್ಳುವುದಿಲ್ಲ. ಡಾಲಿಕಾಲ್ ಎಂಬ ಉದ್ದನೆಯ ಕೊಬ್ಬಿನ ಅಣುವಿನ ಮೇಲೆ ಮೊದಲೇ ಪೂರ್ತಿ ತಯಾರಾಗಿ, ಒಂದೇ ಏಟಿಗೆ ಪ್ರೋಟೀನಿಗೆ ವರ್ಗವಾಗುತ್ತದೆ. ವರ್ಗಾಯಿಸುವ ಕಿಣ್ವ ಒಲಿಗೋಸ್ಯಾಕರೈಲ್ ಟ್ರಾನ್ಸ್‌ಫರೇಸ್. ಅದು ಹುಡುಕುವುದು ಒಂದು ಸಣ್ಣ ಗುರುತನ್ನು: ಆಸ್ಪರಾಜಿನ್, ಅದರ ಪಕ್ಕದಲ್ಲಿ ಪ್ರೋಲಿನ್ ಬಿಟ್ಟು ಬೇರೆ ಯಾವುದಾದರೂ ಅಮೈನೋ ಆಮ್ಲ, ಅದರಾಚೆ ಸೆರಿನ್ ಅಥವಾ ಥ್ರಿಯೋನಿನ್. ಸಾಮಾನ್ಯವಾಗಿ ರೈಬೋಸೋಮ್ ಇನ್ನೂ ಪ್ರೋಟೀನನ್ನು ಹೆಣೆಯುತ್ತಿರುವಾಗಲೇ, ಎಳೆ ಇಆರ್ ಒಳಗೆ ಇಣುಕುತ್ತಿದ್ದಂತೆ ಈ ಕೆಲಸ ಮುಗಿಯುತ್ತದೆ. ಅಂದರೆ ಪ್ರೋಟೀನು ಮಡಚಿಕೊಳ್ಳುವ ಮೊದಲೇ ಸಕ್ಕರೆ ಅಂಟಿರುತ್ತದೆ.

ಹಾಗಾದರೆ ಮೂರು ಗ್ಲೂಕೋಸ್ ಯಾಕೆ? ಹೊರತುದಿಯ ಗ್ಲೂಕೋಸ್‌ಗೆ ಬೇರೆಯೇ ಕೆಲಸವಿದೆ. ಡಾಲಿಕಾಲ್ ಮೇಲೆ ಗೊಂಚಲು ಕಟ್ಟುವಾಗ ಎಲ್ಲಕ್ಕಿಂತ ಕೊನೆಗೆ ಸೇರುವುದು ಅದೇ. ಅದು ಇದ್ದರೆ ಗೊಂಚಲು ಪೂರ್ತಿಯಾಗಿದೆ ಎಂದರ್ಥ. ನಮ್ಮ ಕೋಶಗಳ ಟ್ರಾನ್ಸ್‌ಫರೇಸ್ ಅಂಥ ಪೂರ್ತಿ ಗೊಂಚಲನ್ನೇ ಜಾಸ್ತಿ ಇಷ್ಟಪಡುತ್ತದೆ. ವರ್ಗವಾದ ಮೇಲೆ ಆ ಗ್ಲೂಕೋಸ್‌ನ ಕೆಲಸ ಮುಗಿಯಿತು. ಗ್ಲೂಕೋಸಿಡೇಸ್-1 ಅದನ್ನು ತಕ್ಷಣ ಕೀಳುತ್ತದೆ. ಗ್ಲೂಕೋಸಿಡೇಸ್-2 ಎರಡನೆಯದನ್ನು ಕೀಳುತ್ತದೆ. ಈಗ ಉಳಿದದ್ದು ಒಂದೇ. ಇದೇ ನಮ್ಮ ಚೀಟಿ.

ಈ ಒಂದು ಗ್ಲೂಕೋಸ್ ಇರುವ ಗೊಂಚಲನ್ನು ಓದುವ ಪ್ರೋಟೀನುಗಳು ಎರಡು. ಪೊರೆಗೆ ಅಂಟಿಕೊಂಡಿರುವ ಕ್ಯಾಲ್ನೆಕ್ಸಿನ್, ಮತ್ತು ಇಆರ್ ಒಳಗಿನ ದ್ರವದಲ್ಲಿ ತೇಲುವ ಕ್ಯಾಲ್ರೆಟಿಕ್ಯುಲಿನ್. ಮೂರು ಗ್ಲೂಕೋಸ್ ಇದ್ದರೆ ಇವು ಹಿಡಿಯುವುದಿಲ್ಲ. ಎರಡಿದ್ದರೂ ಇಲ್ಲ. ಒಂದೂ ಇಲ್ಲದಿದ್ದರೂ ಇಲ್ಲ. ಸರಿಯಾಗಿ ಒಂದೇ ಇರಬೇಕು. ಹಿಡಿದ ಮೇಲೆ ಎರಡು ಅನುಕೂಲ ಆಗುತ್ತವೆ. ಅರೆಬರೆ ಮಡಚಿಕೊಂಡ ಪ್ರೋಟೀನು ಇಆರ್ ಬಿಟ್ಟು ಹೋಗಲಾರದು, ಪಕ್ಕದ ಎಳೆಗಳ ಜೊತೆ ಗಂಟು ಹಾಕಿಕೊಳ್ಳುವ ಸಂಭವವೂ ಕಡಿಮೆ. ಜೊತೆಗೆ ಕ್ಯಾಲ್ನೆಕ್ಸಿನ್‌ನ ಉದ್ದನೆಯ ತೋಳಿಗೆ ಇಆರ್‌ಪಿ57 ಎಂಬ ಕಿಣ್ವ ಅಂಟಿಕೊಂಡಿರುತ್ತದೆ. ಅದು ಸಿಸ್ಟೀನ್‌ಗಳ ನಡುವಿನ ಗಂಧಕದ ಬಂಧಗಳನ್ನು ಹಾಕಿ, ತಪ್ಪಾದರೆ ಬಿಚ್ಚಿ, ಮತ್ತೆ ಹಾಕುತ್ತದೆ.

ಹಿಡಿತ ಮಾತ್ರ ಬಿಗಿಯಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಬಿಟ್ಟ ಆ ಗಳಿಗೆಯಲ್ಲಿ ಗ್ಲೂಕೋಸಿಡೇಸ್-2 ಸಿಕ್ಕರೆ ಕೊನೆಯ ಗ್ಲೂಕೋಸನ್ನೂ ಕಿತ್ತುಬಿಡುತ್ತದೆ. ಇಲ್ಲಿ ಓದುಗರು ಎಡವುವುದು ಜಾಸ್ತಿ. ಪ್ರೋಟೀನು ಮಡಚಿಕೊಂಡಿತು ಅಂತ ಕ್ಯಾಲ್ನೆಕ್ಸಿನ್‌ಗೆ ಗೊತ್ತಾಗಿ ಅದು ಬಿಟ್ಟಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಇದಕ್ಕೆ ಚೆನ್ನಾದ ಪುರಾವೆ ರೈಬೋನ್ಯೂಕ್ಲಿಯೇಸ್-ಬಿ ಎಂಬ ಪುಟ್ಟ ಪ್ರೋಟೀನಿನಿಂದ ಬಂದಿದೆ. ಅದರಲ್ಲಿರುವುದು 124 ಅಮೈನೋ ಆಮ್ಲ, ಒಂದೇ ಗೊಂಚಲು. ಗೊಂಚಲಿನಲ್ಲಿ ಒಂದು ಗ್ಲೂಕೋಸ್ ಉಳಿಯುವಂತೆ ಮಾಡಿದರೆ, ಪ್ರೋಟೀನು ಅಚ್ಚುಕಟ್ಟಾಗಿ ಮಡಚಿಕೊಂಡಿದ್ದರೂ ಸರಿ, ಪೂರ್ತಿ ಬಿಚ್ಚಿಕೊಂಡಿದ್ದರೂ ಸರಿ, ಕ್ಯಾಲ್ನೆಕ್ಸಿನ್ ಅದನ್ನು ಹಿಡಿಯುತ್ತದೆ. ಅದು ಚೀಟಿ ಓದುತ್ತದೆ, ಅಷ್ಟೇ. ಗ್ಲೂಕೋಸಿಡೇಸ್-2 ಕೂಡ ಹಾಗೆಯೇ. ಆಕಾರ ನೋಡದೆ ಕೀಳುತ್ತದೆ.

ಹಾಗಾದರೆ ಗ್ಲೂಕೋಸ್ ಕಳೆದುಕೊಂಡ ಪ್ರೋಟೀನು ಈಗ ಕವಲುದಾರಿಯಲ್ಲಿ ನಿಂತಿದೆ. ಸರಿಯಾಗಿ ಮಡಚಿಕೊಂಡಿದ್ದರೆ ಅದನ್ನು ತಡೆಯುವವರು ಯಾರೂ ಇಲ್ಲ. ಇಆರ್‌ನಿಂದ ಹೊರಡುವ ಪುಟ್ಟ ಚೀಲಗಳಿಗೆ ಸೇರಿ ಗಾಲ್ಗಿ ಕಡೆ ಹೋಗುತ್ತದೆ. ಮಡಚಿಕೊಂಡಿಲ್ಲದಿದ್ದರೆ ಯುಜಿಜಿಟಿ ಎಂಬ ಕಿಣ್ವ ಅದನ್ನು ಗುರುತು ಹಿಡಿದು, ಯುಡಿಪಿ-ಗ್ಲೂಕೋಸ್‌ನಿಂದ ಒಂದು ಗ್ಲೂಕೋಸ್ ತೆಗೆದು ಎ ಕವಲಿನ ತುದಿಗೆ ವಾಪಸ್ ಅಂಟಿಸುತ್ತದೆ. ಕ್ಯಾಲ್ನೆಕ್ಸಿನ್ ಮತ್ತೆ ಹಿಡಿಯುತ್ತದೆ. ಒಂದು ಸುತ್ತು ಮುಗಿಯಿತು, ಇನ್ನೊಂದು ಶುರು. ನಿಮಗೆ ವ್ಯರ್ಥ ಅನಿಸಿದ ಹೆಜ್ಜೆ ಇದೇ. ಆದರೆ ನೋಡಿ, ಕೀಳುವ ಕಿಣ್ವ ಆಕಾರ ನೋಡದೆ ಕಿತ್ತರೇನೇ ಪ್ರತಿ ಸುತ್ತಿನಲ್ಲೂ ಪ್ರೋಟೀನು ಹೊಸದಾಗಿ ಪರೀಕ್ಷೆಗೆ ಬರುವುದು. ಮೊದಲ ಸಲ ಹಾಕಿದ ಗ್ಲೂಕೋಸ್ ಹಾಗೇ ಉಳಿದಿದ್ದರೆ ಎಲ್ಲ ಪ್ರೋಟೀನುಗಳೂ, ಮಡಚಿಕೊಂಡವೂ ಸೇರಿ, ಕ್ಯಾಲ್ನೆಕ್ಸಿನ್ ಹತ್ತಿರವೇ ಕೂತಿರಬೇಕಾಗಿತ್ತು.

ಈ ಕಿಣ್ವ ಸಿಕ್ಕ ಬಗೆ ನನಗೆ ತುಂಬ ಇಷ್ಟ. ಅರ್ಜೆಂಟೀನಾದ ಅರ್ಮಾಂಡೊ ಪರೋಡಿ ಅವರು ಟ್ರಿಪನೋಸೋಮಾ ಕ್ರೂಜಿ ಎಂಬ ಪರಾವಲಂಬಿ ಜೀವಿಯ ಸಕ್ಕರೆಗಳನ್ನು ಅಭ್ಯಾಸ ಮಾಡುತ್ತಿದ್ದರು. ಆ ಜೀವಿಯಲ್ಲಿ ಪ್ರೋಟೀನಿಗೆ ವರ್ಗವಾಗುವ ಗೊಂಚಲಿನಲ್ಲಿ ಗ್ಲೂಕೋಸೇ ಇಲ್ಲ. ಬರೀ ಮ್ಯಾನೋಸ್. ಆದರೂ ಪ್ರೋಟೀನಿನ ಮೇಲಿನ ಗೊಂಚಲುಗಳಲ್ಲಿ ಸ್ವಲ್ಪ ಹೊತ್ತು ಒಂದು ಗ್ಲೂಕೋಸ್ ಕಾಣಿಸುತ್ತಿತ್ತು. ಡಾಲಿಕಾಲ್‌ನಿಂದ ಬಂದಿಲ್ಲ ಅಂದ ಮೇಲೆ ಅದು ನೇರವಾಗಿ ಪ್ರೋಟೀನಿಗೇ ಸೇರಿರಬೇಕು, ಅಲ್ವಾ? ಆ ಎಳೆ ಹಿಡಿದು ಹೋದಾಗ ಯುಜಿಜಿಟಿ ಸಿಕ್ಕಿತು. ಅದು ಸಸ್ತನಿಗಳ ಯಕೃತ್ತಿನಲ್ಲೂ ಇತ್ತು. ಪರೀಕ್ಷಾನಳಿಗೆಯಲ್ಲಿ ಥೈರೋಗ್ಲಾಬ್ಯುಲಿನ್ ಕೊಟ್ಟು ನೋಡಿದರೆ, ಆಕಾರ ಕೆಡಿಸಿದ ಪ್ರೋಟೀನಿಗೆ ಗ್ಲೂಕೋಸ್ ಸೇರುತ್ತಿತ್ತು, ಸರಿಯಾದ ಆಕಾರದಲ್ಲಿರುವುದಕ್ಕೆ ಸೇರುತ್ತಿರಲಿಲ್ಲ. ಇತ್ತ ಆರಿ ಹೆಲೆನಿಯಸ್ ಅವರ ಗುಂಪು 1994ರಲ್ಲಿ ಕ್ಯಾಲ್ನೆಕ್ಸಿನ್ ಹಿಡಿಯುವುದು ಒಂದೇ ಗ್ಲೂಕೋಸ್ ಉಳಿದ ಗೊಂಚಲನ್ನು ಎಂದು ತೋರಿಸಿತು. ಎರಡನ್ನೂ ಜೋಡಿಸಿದಾಗ ಸುತ್ತು ಪೂರ್ತಿಯಾಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಯುಜಿಜಿಟಿಗೆ ಹೇಗೆ ಗೊತ್ತಾಗುತ್ತದೆ? ದೇಹದಲ್ಲಿ ಸಾವಿರಾರು ಬಗೆಯ ಗ್ಲೈಕೋಪ್ರೋಟೀನುಗಳಿವೆ. ಪ್ರತಿಯೊಂದರ ಸರಿಯಾದ ಆಕಾರ ಬೇರೆ. ಎಲ್ಲದರ ನಕ್ಷೆ ಒಂದು ಕಿಣ್ವದ ಹತ್ತಿರ ಇರಲು ಸಾಧ್ಯವಿಲ್ಲ. ಅದು ನೋಡುವುದು ಸರಿಯಾದದ್ದನ್ನಲ್ಲ, ತಪ್ಪಿನ ಗುರುತನ್ನು. ಮಡಚಿಕೊಂಡ ಪ್ರೋಟೀನಿನಲ್ಲಿ ನೀರನ್ನು ದೂರವಿಡುವ ಅಮೈನೋ ಆಮ್ಲಗಳು ಒಳಗೆ ಅಡಗಿರುತ್ತವೆ. ಅವು ಹೊರಗೆ ತೆರೆದುಕೊಂಡು ಗುಂಪಾಗಿ ಕಂಡರೆ ಏನೋ ಕೆಟ್ಟಿದೆ ಎಂದರ್ಥ. ಯುಜಿಜಿಟಿ ಅಂಥ ತೇಪೆಗಳನ್ನು ತಡವಿ ನೋಡುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಪೂರ್ತಿ ಬಿಚ್ಚಿಕೊಂಡು ದಾರದಂತೆ ಬಿದ್ದಿರುವ ಪ್ರೋಟೀನು ಯುಜಿಜಿಟಿಗೆ ಅಷ್ಟು ಹಿಡಿಸುವುದಿಲ್ಲ. ಹೆಚ್ಚುಕಡಿಮೆ ಮಡಚಿಕೊಂಡು, ಒಳಭಾಗ ಇನ್ನೂ ಸಡಿಲವಾಗಿರುವ ಪ್ರೋಟೀನು ಅದಕ್ಕೆ ಚೆನ್ನಾಗಿ ಹಿಡಿಸುತ್ತದೆ. ಯೋಚಿಸಿದರೆ ಇದು ಸರಿಯಾಗಿಯೇ ಇದೆ. ಪೂರ್ತಿ ಬಿಚ್ಚಿದ ಎಳೆಗಳನ್ನು ನೋಡಿಕೊಳ್ಳಲು ಬಿಪ್‌ನಂಥ ಬೇರೆ ಸಹಾಯಕರಿದ್ದಾರೆ. ತಪ್ಪಿಸಿಕೊಂಡು ಹೋಗುವ ಅಪಾಯ ಇರುವುದು ನೋಡಲು ಸಿದ್ಧವಾದಂತೆ ಕಾಣುವ, ಆದರೆ ಇನ್ನೂ ಮುಗಿಯದ ಪ್ರೋಟೀನಿನಿಂದ.

ಎಲ್ಲಿ ಕೆಟ್ಟಿದೆ ಅನ್ನುವುದೂ ಅದಕ್ಕೆ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಎರಡು ರೈಬೋನ್ಯೂಕ್ಲಿಯೇಸ್ ಅಣುಗಳನ್ನು ಜೋಡಿಸಿ ಒಂದು ಪ್ರಯೋಗ ಮಾಡಿದ್ದಾರೆ. ಒಂದು ಭಾಗ ಸರಿಯಾಗಿ ಮಡಚಿಕೊಂಡದ್ದು, ಇನ್ನೊಂದು ಕೆಟ್ಟದ್ದು. ಎರಡರ ಮೇಲೂ ಒಂದೊಂದು ಗೊಂಚಲು. ಯುಜಿಜಿಟಿ ಗ್ಲೂಕೋಸ್ ಅಂಟಿಸಿದ್ದು ಕೆಟ್ಟ ಭಾಗದ ಗೊಂಚಲಿಗೆ ಮಾತ್ರ. ಅಂಟಿಕೊಂಡಿದ್ದ ಒಳ್ಳೆಯ ಭಾಗವನ್ನು ಮುಟ್ಟಲಿಲ್ಲ. ಆದರೆ ಒಂದೇ ಭಾಗದ ಒಳಗಾದರೆ ದೋಷಕ್ಕೂ ಗೊಂಚಲಿಗೂ ನಡುವೆ ಸಾಕಷ್ಟು ದೂರ ಇದ್ದರೂ ಗ್ಲೂಕೋಸ್ ಸೇರುವುದನ್ನು ಬೇರೊಂದು ಪ್ರೋಟೀನಿನಲ್ಲಿ ನೋಡಿದ್ದಾರೆ. ಹೀಗೆ ಎರಡೂ ನಿಜವಾಗಲು ಕಿಣ್ವ ದೊಡ್ಡದಿರಬೇಕು, ಬಾಗಬೇಕು. 2017ರಲ್ಲಿ ಬಂದ ರಚನೆಯಲ್ಲಿ ಅದೇ ಕಂಡಿತು. ಸುಮಾರು 1500 ಅಮೈನೋ ಆಮ್ಲಗಳ ಉದ್ದನೆಯ ಎಳೆ. ಥಯೋರೆಡಾಕ್ಸಿನ್ ಹೋಲುವ ನಾಲ್ಕು ಭಾಗಗಳು ಬಿಲ್ಲಿನಂತೆ ಬಾಗಿ ನಡುವೆ ಒಂದು ಪೊಳ್ಳು ಜಾಗ ಬಿಟ್ಟಿವೆ. ಗ್ಲೂಕೋಸ್ ಅಂಟಿಸುವ ಭಾಗ ಮಾತ್ರ ಎಳೆಯ ಕೊನೆಯಲ್ಲಿ ಬೇರೆಯಾಗಿದೆ. ನೋಡುವ ಭಾಗ ಒಂದು ಕಡೆ, ಬರೆಯುವ ಭಾಗ ಇನ್ನೊಂದು ಕಡೆ.

ಇದೆಲ್ಲ ಜೀವಂತ ಕೋಶದಲ್ಲಿ ನಡೆಯುವುದನ್ನು ನೋಡಬೇಕೆಂದರೆ ಒಂದು ವೈರಸ್ ಪ್ರೋಟೀನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಸ್‌ನ ಹೊರಮೈಯಲ್ಲಿ ಜಿ ಎಂಬ ಪ್ರೋಟೀನಿದೆ. ಅದಕ್ಕೆ ಎರಡು ಸಕ್ಕರೆ ಗೊಂಚಲು. ಇದರ tsO45 ಎಂಬ ರೂಪಾಂತರದ ಸ್ವಭಾವವೇ ಬೇರೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮಡಚಿಕೊಳ್ಳುವುದಿಲ್ಲ, ಇಆರ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. 32 ಡಿಗ್ರಿಗೆ ಇಳಿಸಿದರೆ ಅದೇ ಅಣುಗಳು ಮಡಚಿಕೊಂಡು ಹೊರಟುಬಿಡುತ್ತವೆ. ಅಂದರೆ ಮಡಚುವಿಕೆಗೆ ಒಂದು ಸ್ವಿಚ್ ಸಿಕ್ಕಿತು.

ಇದರ ಜೊತೆಗೆ ಕ್ಯಾಸ್ಟನೋಸ್ಪರ್ಮಿನ್ ಬೇಕು. ಅದು ಎರಡೂ ಗ್ಲೂಕೋಸಿಡೇಸ್‌ಗಳನ್ನು ತಡೆಯುತ್ತದೆ. ಅದನ್ನು ಯಾವಾಗ ಹಾಕುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪ್ರೋಟೀನು ತಯಾರಾಗುವ ಮೊದಲೇ ಹಾಕಿದರೆ ಮೂರು ಗ್ಲೂಕೋಸ್‌ಗಳೂ ಹಾಗೇ ಉಳಿಯುತ್ತವೆ. ಕ್ಯಾಲ್ನೆಕ್ಸಿನ್ ಹಿಡಿಯುವುದೇ ಇಲ್ಲ. ತಡವಾಗಿ, ಅಂದರೆ ಗೊಂಚಲಿನಲ್ಲಿ ಆಗಲೇ ಒಂದೇ ಗ್ಲೂಕೋಸ್ ಉಳಿದಿರುವಾಗ ಹಾಕಿದರೆ ಫಲಿತಾಂಶ ಪೂರ್ತಿ ತಿರುಗುಮುರುಗು. ಆ ಗ್ಲೂಕೋಸನ್ನು ಕೀಳಲು ಯಾರೂ ಇಲ್ಲ. ಹಾಗಾಗಿ ಪ್ರೋಟೀನು ಕ್ಯಾಲ್ನೆಕ್ಸಿನ್ ಜೊತೆಗೇ ಉಳಿದುಬಿಡುತ್ತದೆ. ಒಂದೇ ಔಷಧಿ, ಹಾಕಿದ ಹೊತ್ತು ಬೇರೆ, ಫಲಿತಾಂಶ ವಿರುದ್ಧ. ಈ ಸುತ್ತಿನ ಬಗ್ಗೆ ಅನುಮಾನ ಇದ್ದವರಿಗೆ ಇದೊಂದು ಪ್ರಯೋಗ ಸಾಕು ಎಂದು ನನ್ನ ಅಭಿಪ್ರಾಯ.

ಔಷಧಿ ಇಲ್ಲದೆ 40 ಡಿಗ್ರಿಯಲ್ಲೇ ಇಟ್ಟರೆ ಜಿ ಪ್ರೋಟೀನಿನ ಗೊಂಚಲಿಗೆ ಗ್ಲೂಕೋಸ್ ಸೇರುತ್ತಾ, ಬಿಡುತ್ತಾ ಇರುತ್ತದೆ. ಕ್ಯಾಲ್ನೆಕ್ಸಿನ್ ಜೊತೆ ಅದು ಮತ್ತೆ ಮತ್ತೆ ಕಾಣಿಸುತ್ತದೆ. 32 ಡಿಗ್ರಿಗೆ ಇಳಿಸಿದ ಮೇಲೆ ಪ್ರೋಟೀನು ಮಡಚಿಕೊಳ್ಳುತ್ತದೆ, ಗ್ಲೂಕೋಸ್ ವಾಪಸ್ ಸೇರುವುದು ನಿಲ್ಲುತ್ತದೆ, ಕ್ಯಾಲ್ನೆಕ್ಸಿನ್‌ನಿಂದ ಬಿಡುಗಡೆ. ಇಲ್ಲಿ ಬದಲಾದದ್ದು ಪ್ರೋಟೀನಿನ ಆಕಾರ ಒಂದೇ. ಗ್ಲೂಕೋಸಿಡೇಸ್ ತನ್ನ ಪಾಡಿಗೆ ತಾನು ಮೊದಲಿನಂತೆಯೇ ಕೀಳುತ್ತಿದೆ. ಯುಜಿಜಿಟಿ ಮಾತ್ರ ಸುಮ್ಮನಾಯಿತು.

ಎಷ್ಟು ಹೊತ್ತು ಸುತ್ತುತ್ತೆ ಎಂದು ಕೇಳಿದ್ದೀರಿ. ಈ ಸುತ್ತಿಗೆ ತನ್ನದೇ ಕೊನೆ ಇಲ್ಲ. ಅದನ್ನು ಮುಗಿಸುವುದು ಮ್ಯಾನೋಸ್. ಗ್ಲೂಕೋಸ್ ಬೇಗ ಬೇಗ ಬಂದು ಹೋಗುತ್ತದೆ. ಮ್ಯಾನೋಸ್‌ಗಳನ್ನು ಕೀಳುವ ಕಿಣ್ವಗಳು ಮಾತ್ರ ನಿಧಾನ. ಕಿತ್ತದ್ದನ್ನು ಇಆರ್‌ನಲ್ಲಿ ಯಾರೂ ವಾಪಸ್ ಹಾಕುವುದೂ ಇಲ್ಲ. ಬೇಗ ಮಡಚಿಕೊಳ್ಳುವ ಪ್ರೋಟೀನು ಅಷ್ಟರೊಳಗೆ ಹೊರಟುಹೋಗಿರುತ್ತದೆ. ಬಹಳ ಹೊತ್ತು ಉಳಿದದ್ದು ಮ್ಯಾನೋಸ್ ಕಳೆದುಕೊಳ್ಳುತ್ತಾ ಹೋಗುತ್ತದೆ. ಇಷ್ಟು ಸುತ್ತು ಆದ ಮೇಲೆ ಸಾಕು ಎಂಬ ಎಣಿಕೆ ಎಲ್ಲೂ ಇಲ್ಲ. ಇರುವುದು ಎರಡು ವೇಗಗಳ ನಡುವಿನ ಸ್ಪರ್ಧೆ.

ಇದನ್ನು ಆಲ್ಫಾ-1 ಆಂಟಿಟ್ರಿಪ್ಸಿನ್ ಮೇಲೆ ನೋಡೋಣ. ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನು ಇದು. 394 ಅಮೈನೋ ಆಮ್ಲ, ಮೂರು ಗೊಂಚಲು. ಇದರ 'ನಲ್ ಹಾಂಗ್‌ಕಾಂಗ್' ಎಂಬ ರೂಪಾಂತರದಲ್ಲಿ ಜೀನಿನ ಎರಡು ಅಕ್ಷರ ಬಿಟ್ಟುಹೋಗಿ ಪ್ರೋಟೀನಿನ ಬಾಲ ತುಂಡಾಗಿದೆ. ಮೂರು ಗೊಂಚಲುಗಳೂ ಅಂಟುತ್ತವೆ, ಆದರೆ ಎಷ್ಟು ಹೊತ್ತು ಕೊಟ್ಟರೂ ಅದು ಮಡಚಿಕೊಳ್ಳಲಾರದು. ಮೊದಲು ಕ್ಯಾಲ್ನೆಕ್ಸಿನ್ ಸುತ್ತಿನಲ್ಲಿ ಸುತ್ತುತ್ತದೆ. ಆಮೇಲೆ ಬಿ ಕವಲಿನ ತುದಿಯ ಮ್ಯಾನೋಸ್ ಹೋಗುತ್ತದೆ. ನಂತರ ಇಡಿಇಎಂ ಎಂಬ ಗುಂಪಿನ ಕಿಣ್ವಗಳು ಸಿ ಕವಲಿನ ತುದಿಯನ್ನೂ ಕತ್ತರಿಸುತ್ತವೆ. ಈ ಹೆಜ್ಜೆಗಳಲ್ಲಿ ಮಡಚಿಕೊಳ್ಳದ ಪ್ರೋಟೀನಿಗೇ ಸ್ವಲ್ಪ ಆದ್ಯತೆ ಇದೆ ಎನ್ನಲು ಪುರಾವೆಗಳಿವೆ. ಹಾಗಾಗಿ ಮ್ಯಾನೋಸ್ ಬರೀ ಗಡಿಯಾರ ಎಂಬ ಹಳೆಯ ವಿವರಣೆ ಪೂರ್ತಿ ಸಾಲದು. ಸಿ ಕವಲು ಕತ್ತರಿಸಿದಾಗ ಒಳಗಿನ ಇನ್ನೊಂದು ಮ್ಯಾನೋಸ್ ಬಯಲಾಗುತ್ತದೆ. ಅದನ್ನು ಓದುವ ಪ್ರೋಟೀನು ಓಎಸ್-9. ಇದೂ ಒಂದು ಚೀಟಿಯೇ, ಆದರೆ ಬರೆದದ್ದು ಬೇರೆ: ಇದನ್ನು ತೆಗೆದುಹಾಕಿ. ಎ ಕವಲಿನ ತುದಿಯ ಮ್ಯಾನೋಸ್ ಕೂಡ ಹೋದರೆ ಯುಜಿಜಿಟಿಗೆ ಗ್ಲೂಕೋಸ್ ಅಂಟಿಸಲು ಜಾಗವೇ ಇರುವುದಿಲ್ಲ. ಆ ಗೊಂಚಲಿನ ಮಟ್ಟಿಗೆ ಕ್ಯಾಲ್ನೆಕ್ಸಿನ್ ಸುತ್ತಿಗೆ ಮರಳುವ ದಾರಿ ಮುಚ್ಚಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಓಎಸ್-9 ಪ್ರೋಟೀನನ್ನು ಇಆರ್ ಪೊರೆಯಲ್ಲಿರುವ ಎಚ್‌ಆರ್‌ಡಿ1 ಸಂಕೀರ್ಣಕ್ಕೆ ಒಪ್ಪಿಸುತ್ತದೆ. ಅಲ್ಲಿಂದ ಎಳೆ ಪೊರೆ ದಾಟಿ ಸೈಟೋಸಾಲ್‌ಗೆ ಬರುತ್ತದೆ. ಮೈಮೇಲೆ ಯುಬಿಕ್ವಿಟಿನ್ ಅಂಟುತ್ತದೆ, ಪಿ97 ಎಂಬ ಯಂತ್ರ ಎಟಿಪಿ ಸುಟ್ಟು ಹೊರಗೆಳೆಯುತ್ತದೆ. ಎನ್-ಗ್ಲೈಕನೇಸ್ ಸಕ್ಕರೆ ಗೊಂಚಲನ್ನು ಬುಡಸಮೇತ ಕಳಚುತ್ತದೆ, ಪ್ರೋಟಿಯಾಸೋಮ್ ಉಳಿದದ್ದನ್ನು ಚೂರು ಮಾಡುತ್ತದೆ. ಗೊಂಚಲು ಕಳಚುವಾಗ ಆಸ್ಪರಾಜಿನ್ ಇದ್ದ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಉಳಿಯುತ್ತದೆ. ಈ ಪ್ರೋಟೀನು ಒಮ್ಮೆ ಇಆರ್ ಒಳಗೆ ಸಕ್ಕರೆ ಹೊತ್ತಿತ್ತು ಅನ್ನುವುದಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಅದೇ ಸಾಕ್ಷಿ.

ನಲ್ ಹಾಂಗ್‌ಕಾಂಗ್ ಪ್ರೋಟೀನಿರುವ ಕೋಶಗಳಿಗೆ ಕಿಫುನೆನ್ಸಿನ್ ಕೊಟ್ಟರೆ ಮ್ಯಾನೋಸ್ ಕೀಳುವುದಕ್ಕೆ ತಡೆ ಬೀಳುತ್ತದೆ. ಕೂಡಲೇ ಆ ಪ್ರೋಟೀನಿನ ಆಯಸ್ಸು ಹೆಚ್ಚುತ್ತದೆ. ಅದು ಮಡಚಿಕೊಂಡದ್ದರಿಂದ ಅಲ್ಲ, ತೆಗೆದುಹಾಕುವ ಚೀಟಿ ಸಿಗದ್ದರಿಂದ. ಇಡಿಇಎಂ ಅನ್ನು ಕೋಶದಲ್ಲಿ ಜಾಸ್ತಿ ಮಾಡಿದರೆ ಉಲ್ಟಾ, ಬೇಗ ನಾಶವಾಗುತ್ತದೆ.

ಇದೇ ಆಂಟಿಟ್ರಿಪ್ಸಿನ್‌ನ ಝಡ್ ರೂಪಾಂತರ ಈ ವ್ಯವಸ್ಥೆ ಎಲ್ಲಿ ಸೋಲುತ್ತದೆ ಎಂದು ತೋರಿಸುತ್ತದೆ. ಅದರಲ್ಲಿ 342ನೇ ಜಾಗದ ಗ್ಲುಟಾಮಿಕ್ ಆಮ್ಲ ಲೈಸಿನ್ ಆಗಿದೆ. ಬಾಲ ತುಂಡಾಗಿಲ್ಲ, ಹೆಚ್ಚಿನ ಭಾಗ ಸರಿಯಾಗಿಯೇ ಮಡಚಿಕೊಳ್ಳುತ್ತದೆ, ಆದರೆ ನಿಧಾನ. ಆ ನಿಧಾನದ ನಡುವೆ ಒಂದು ಅಣುವಿನ ಕುಣಿಕೆ ಇನ್ನೊಂದರ ಒಳಗೆ ಸಿಕ್ಕಿ ಸರಪಳಿಯಾಗುತ್ತದೆ. ಒಂಟಿ ಅಣುವಾಗಿದ್ದರೆ ಅದನ್ನು ಪೊರೆಯಾಚೆ ಎಳೆದು ನಾಶ ಮಾಡಬಹುದು. ಸರಪಳಿ ಆ ದಾರಿಯಲ್ಲಿ ತೂರುವುದಿಲ್ಲ. ಯಕೃತ್ತಿನ ಕೋಶಗಳಲ್ಲಿ ಅದು ಉಂಡೆಗಳಾಗಿ ಶೇಖರವಾಗುತ್ತದೆ, ಯಕೃತ್ತು ಕೆಡುತ್ತದೆ. ಅತ್ತ ರಕ್ತದಲ್ಲಿ ಆಂಟಿಟ್ರಿಪ್ಸಿನ್ ಕಡಿಮೆಯಾಗಿ ಶ್ವಾಸಕೋಶಕ್ಕೆ ರಕ್ಷಣೆ ಇರುವುದಿಲ್ಲ. ಹೇಗೋ ಹೊರಬಂದ ಝಡ್ ಅಣುಗಳು ತಮ್ಮ ಕೆಲಸವನ್ನು ಬಹುಮಟ್ಟಿಗೆ ಮಾಡಬಲ್ಲವು ಅನ್ನುವುದನ್ನೂ ಗಮನಿಸಿ. ಈ ಪರೀಕ್ಷೆ ಕೇಳುವುದು ಪ್ರೋಟೀನು ಕೆಲಸ ಮಾಡುತ್ತದೆಯೇ ಎಂದಲ್ಲ. ಮಡಚಿಕೊಂಡಿದೆಯೇ ಎಂದಷ್ಟೇ.

ಇನ್ನು ಲ್ಯಾಬ್. ಇದಕ್ಕೆ ಸುಲಭದ ಪರೀಕ್ಷೆ ಎಂಡೋ-ಎಚ್. ಇಆರ್‌ನಲ್ಲಿರುವ, ಮ್ಯಾನೋಸ್ ತುಂಬಿದ ಗೊಂಚಲನ್ನು ಈ ಕಿಣ್ವ ಕತ್ತರಿಸುತ್ತದೆ. ಗಾಲ್ಗಿಯ ನಡುಭಾಗ ದಾಟಿ ಗೊಂಚಲು ಬದಲಾದ ಮೇಲೆ ಅದಕ್ಕೆ ಕತ್ತರಿಸಲು ಆಗುವುದಿಲ್ಲ. ಒಂದು ಗೊಂಚಲು ಹೋದರೆ ಜೆಲ್‌ನಲ್ಲಿ ಪಟ್ಟಿ ಸುಮಾರು 2ರಿಂದ 3 ಕಿಲೋಡಾಲ್ಟನ್ ಕೆಳಗಿಳಿಯುತ್ತದೆ. ಸಹಜ ಆಂಟಿಟ್ರಿಪ್ಸಿನ್ ತೆಗೆದುಕೊಳ್ಳಿ. ಇಆರ್‌ನಲ್ಲಿದ್ದಾಗ ಸುಮಾರು 52ರಲ್ಲಿ ಕಾಣುತ್ತದೆ, ಗಾಲ್ಗಿ ದಾಟಿದ ಮೇಲೆ 55ರಲ್ಲಿ. ಸಕ್ಕರೆ ಪೂರ್ತಿ ತೆಗೆದರೆ 45ರ ಹತ್ತಿರ. ವಿಕಿರಣ ಇರುವ ಮಿಥಿಯೋನಿನ್ ಅನ್ನು ಕೆಲವು ನಿಮಿಷ ಮಾತ್ರ ಕೊಟ್ಟು, ಆಮೇಲೆ ಸಾಮಾನ್ಯ ಮಿಥಿಯೋನಿನ್ ಕೊಟ್ಟು, ಬೇರೆ ಬೇರೆ ಹೊತ್ತಿನಲ್ಲಿ ಕೋಶಗಳನ್ನು ಒಡೆದು ನೋಡಿ. ಸಹಜ ಪ್ರೋಟೀನಿನಲ್ಲಿ 52ರ ಪಟ್ಟಿ ಮಸುಕಾಗುತ್ತಾ ಹೋಗುತ್ತದೆ, 55ರ ಪಟ್ಟಿ ಕೋಶದ ಹೊರಗಿನ ದ್ರವದಲ್ಲಿ ಸಿಗುತ್ತದೆ. ನಲ್ ಹಾಂಗ್‌ಕಾಂಗ್‌ನಲ್ಲಿ ಎಂಡೋ-ಎಚ್ ಕತ್ತರಿಸುವ ಪಟ್ಟಿಯೇ ಉಳಿದು, ಹೊರಗಿನ ದ್ರವಕ್ಕೆ ಏನೂ ಬಾರದೆ, ಅಲ್ಲೇ ಮಾಯವಾಗುತ್ತದೆ. ಪಕ್ಕದಲ್ಲಿ ಪಿಎನ್‌ಜಿಯೇಸ್-ಎಫ್ ಕಿಣ್ವ ಹಾಕಿದ ಮಾದರಿ ಇಟ್ಟುಕೊಳ್ಳಿ. ಅದು ಎರಡೂ ಬಗೆಯ ಗೊಂಚಲನ್ನು ತೆಗೆಯುತ್ತದೆ, ಸಕ್ಕರೆ ಇಲ್ಲದ ಪಟ್ಟಿ ಎಲ್ಲಿ ಬರಬೇಕು ಎಂದು ಅದರಿಂದ ಗೊತ್ತಾಗುತ್ತದೆ.

ಸುಲಭ ಅಂತ ಟ್ಯೂನಿಕಾಮೈಸಿನ್ ಹಾಕಿ ಇದನ್ನು ಪರೀಕ್ಷಿಸಲು ಹೋಗಬೇಡಿ. ಅದು ಗೊಂಚಲು ಕಟ್ಟುವ ಮೊದಲ ಹೆಜ್ಜೆಯನ್ನೇ ನಿಲ್ಲಿಸುತ್ತದೆ. ಕೋಶದ ಎಲ್ಲ ಗ್ಲೈಕೋಪ್ರೋಟೀನುಗಳೂ ಒಟ್ಟಿಗೆ ಕೆಡುತ್ತವೆ, ಇಆರ್ ಒತ್ತಡದ ಪ್ರತಿಕ್ರಿಯೆ ಶುರುವಾಗುತ್ತದೆ. ನಿಮ್ಮ ಪ್ರೋಟೀನಿಗೆ ಏನಾಯಿತು ಎಂದು ಆ ಗದ್ದಲದಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕಿಂತ ಒಂದೊಂದೇ ಗೊಂಚಲಿನ ಆಸ್ಪರಾಜಿನ್ ಅನ್ನು ಗ್ಲುಟಮೀನ್‌ಗೆ ಬದಲಿಸಿ ನೋಡುವುದು ಒಳ್ಳೆಯದು. ಎಲ್ಲ ಗೊಂಚಲುಗಳೂ ಸಮಾನ ಅಲ್ಲ ಎಂದು ಆಗ ಕಾಣುತ್ತದೆ. ಒಂದು ತೆಗೆದರೆ ಏನೂ ಆಗದಿರಬಹುದು, ಇನ್ನೊಂದು ತೆಗೆದರೆ ಪ್ರೋಟೀನು ಇಆರ್ ಬಿಡದೇ ಇರಬಹುದು.

ಎಂಡೋ-ಎಚ್ ಓದುವಾಗಲೂ ಎರಡು ಕಡೆ ಜಾರಬಹುದು. ಕೆಲವು ಪ್ರೋಟೀನುಗಳಲ್ಲಿ ಗೊಂಚಲು ಮಡಿಕೆಯ ಸಂದಿಯಲ್ಲಿ ಅಡಗಿರುತ್ತದೆ. ಗಾಲ್ಗಿಯ ಕಿಣ್ವಗಳಿಗೆ ಅದು ಸಿಗುವುದೇ ಇಲ್ಲ. ಅಂಥ ಪ್ರೋಟೀನು ಕೋಶದ ಹೊರಮೈ ಸೇರಿದ್ದರೂ ಎಂಡೋ-ಎಚ್ ಕತ್ತರಿಸುತ್ತದೆ. ಎರಡನೆಯದು ಇನ್ನೂ ಮುಖ್ಯ. ಕಿಫುನೆನ್ಸಿನ್ ಕೊಟ್ಟಾಗ ಪ್ರೋಟೀನು ಎಲ್ಲೇ ಹೋದರೂ ಒಂಬತ್ತು ಮ್ಯಾನೋಸ್‌ಗಳು ಹಾಗೇ ಇರುತ್ತವೆ, ಯಾಕೆಂದರೆ ಗಾಲ್ಗಿಯಲ್ಲಿ ಗೊಂಚಲು ಬದಲಾಗಲು ಮೊದಲು ಮ್ಯಾನೋಸ್ ಕೀಳಲೇಬೇಕು. ಆಗ ಎಂಡೋ-ಎಚ್ ಕತ್ತರಿಸಿತು ಎಂದ ಮಾತ್ರಕ್ಕೆ ಪ್ರೋಟೀನು ಇಆರ್‌ನಲ್ಲಿದೆ ಎನ್ನುವಂತಿಲ್ಲ. ಕಿಫುನೆನ್ಸಿನ್ ಇಟ್ಟುಕೊಂಡು ಮಾಡುವ ಪ್ರಯೋಗದಲ್ಲಿ ಕೋಶದ ಮಾದರಿ ಮತ್ತು ಹೊರಗಿನ ದ್ರವ ಎರಡನ್ನೂ ಒಂದೇ ಜೆಲ್‌ನಲ್ಲಿ ಪಕ್ಕಪಕ್ಕ ಓಡಿಸಿ. ಪ್ರೋಟೀನು ಎಷ್ಟು ಹೊರಬಂದಿದೆ ಎಂದು ಅಳೆದು, ಉಳಿದದ್ದು ಇಆರ್‌ನಲ್ಲೇ ಇದೆಯೇ ಎಂದು ಇಆರ್‌ನ ಗುರುತು ಪ್ರೋಟೀನಿನ ಜೊತೆ ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಮಾನಿಸಿ.